ಶೂ ಒಳಗಿನ ಹತ್ತಿ

ನಮ್ಮ ಮನೆಯಲ್ಲಿ ಶೂ ಕೊಂಡರೆ ಒಂದು ನಂಬರ್ ದೊಡ್ಡದೇ. ಬೆಳೆಯೋ ಕಾಲು ಅನ್ನುತ್ತಿದ್ದಳು ಅವ್ವ. ಐವತ್ತು ದಾಟಿದ ಕಾಲು ಬೆಳೆಯುವುದಿಲ್ಲವೆಂದು ಗೊತ್ತಿದ್ದೂ, ರಾಯಚೂರಿನ ಅಂಗಡಿಯಲ್ಲಿ ಟ್ರೆಕ್ಕಿಂಗ್ ಶೂ ಕೊಳ್ಳುವಾಗ ನಾನು ಕೇಳಿದ್ದು ಒಂದು ನಂಬರ್ ದೊಡ್ಡದನ್ನೇ.

ತಂಗಿ ದೇವದುರ್ಗದಲ್ಲಿ ದೈಹಿಕ ಶಿಕ್ಷಕಿ, ನಾನು ಮಾನ್ವಿಯ ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಮದುವೆಗಳಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಈ ಚಳಿಗಾಲ ಚಿಕ್ಕಮಗಳೂರು ಕಡೆ ಬೆಟ್ಟ ಹತ್ತೋಣವೆಂದು ಅವಳೇ ಕರೆದಳು. ಆದರೆ ಮೊದಲು ರಾಯಚೂರು ಕೋಟೆಯ ಗುಡ್ಡವನ್ನು ಕುಂಟದೆ ಹತ್ತಿ ಇಳಿಯಬೇಕು, ಇಲ್ಲದಿದ್ದರೆ ನನ್ನ ಜಾಗಕ್ಕೆ ತನ್ನ ಶಾಲೆಯ ಇನ್ನೊಬ್ಬ ಟೀಚರ್ ಎಂದು ಷರತ್ತನ್ನೂ ಹಾಕಿದಳು. ಆಕೆಯನ್ನು ನಾನು ನೋಡಿದವಳೇ ಅಲ್ಲ, ಆದರೂ ಹೊಟ್ಟೆಕಿಚ್ಚು ಹತ್ತಿತು.

ಮನೆಯಲ್ಲಿ ಓಡಾಡಿ ನೋಡಿದಾಗಲೇ ಹಿಮ್ಮಡಿ ಶೂನಿಂದ ಎದ್ದೆದ್ದು ಬರುತ್ತಿತ್ತು. ಹತ್ತಿಯ ಊರಿನವಳಿಗೆ ಹತ್ತಿಗೆ ಬರವೇ? ಎರಡೂ ಶೂಗಳ ಮುಂದಿನ ತುದಿಗೆ ಒಂದೊಂದು ಹಿಡಿ ತುರುಕಿ, ಲೇಸನ್ನು ಬುಡದಿಂದಲೇ ಜೋಳದ ಚೀಲದ ಬಾಯಿ ಕಟ್ಟುವಂತೆ ಬಿಗಿದೆ.

ಭಾನುವಾರ ಗುಡ್ಡ ಹೇಗೋ ಹತ್ತಿದೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ, ಹೆಬ್ಬೆರಳು ಆ ಹತ್ತಿಗೆ ಒತ್ತಿ ಜೀವ ಹೋಗುವಷ್ಟು ನೋವು. ಅದನ್ನು ಮುಚ್ಚಿಡಲು ಅಲ್ಲಲ್ಲಿ ನಿಂತು ಕೋಟೆಯ ಇತಿಹಾಸ ಹೇಳಿದೆ. ಬಹಮನಿಗಳು ಎರಡನೇ ಸಲ ಬಂದಾಗ ತಂಗಿಗೆ ಅನುಮಾನ ಬಂತು. ಮೆಟ್ಟಿಲ ಮೇಲೆ ಕೂರಿಸಿ ಶೂ ಬಿಚ್ಚಿದಳು. ಹತ್ತಿ ಹೊರಬಂತು.

"ಅಕ್ಕಾ, ಬೆರಳಿಗೆ ದಿಂಬು ಇಟ್ಟೀ ಏನಬೇ?"

ಇಳಿಯಲು ಬೆರಳ ಮುಂದೆ ಜಾಗ ಇರಬೇಕು, ಆ ಜಾಗವನ್ನೇ ನಾನು ತುಂಬಿದ್ದೆ ಎಂದಳು. ಹತ್ತಿಯಿಲ್ಲದೆ ಶೂ ಮತ್ತೆ ತೊಡಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿಸಿ ಕೂರಿಸಿದಳು. ಬೆರಳ ಕಡೆಯ ಲೇಸು ಸಡಿಲಿಸಿ, ಪಾದದ ಏರಿನಲ್ಲಿ ಎರಡು ಸುತ್ತು ತಿರುವಿ ಬಿಗಿದಳು. ಹೀಗಾದರೆ ಮೇಲಿನ ಬಿಗಿ ಬೆರಳ ಕಡೆಗೆ ಇಳಿಯುವುದಿಲ್ಲ. ನಾನು ಅಲಂಕಾರವೆಂದು ಬಿಟ್ಟಿದ್ದ ಕೊನೆಯ ತೂತಿಗೆ ಲೇಸನ್ನು ಅದೇ ಬದಿಯಿಂದ ಪೋಣಿಸಿ ಎರಡೂ ಕಡೆ ಪುಟ್ಟ ಕುಣಿಕೆ ಮಾಡಿದಳು. ಒಂದೊಂದು ತುದಿಯನ್ನೂ ಎದುರು ಬದಿಯ ಕುಣಿಕೆಯಲ್ಲಿ ತೂರಿಸಿ, ಜಗ್ಗಿ, ಗಂಟು ಹಾಕಿದಳು. ಇವಳಿಗೆ ಲೇಸು ಕಟ್ಟಲು ಕಲಿಸಿದವಳು ನಾನೇ, ತಲೆಗೆ ಮೊಟಕಿ ಮೊಟಕಿ. ಅವಳು ನನಗೆ ಮೊಟಕಲಿಲ್ಲ.

ಇನ್ನೊಂದು ಶೂಗೂ ಹಾಗೇ ಮಾಡಿದಳು. ಎದ್ದು ಇಳಿದೆ. ಹಿಮ್ಮಡಿ ಕದಲಲಿಲ್ಲ. ಬೆರಳುಗಳು ಒಳಗೆ ಆರಾಮಾಗಿ ಆಡುತ್ತಿದ್ದವು. ಬಹಮನಿಗಳಿಗೂ ರಜೆ ಸಿಕ್ಕಿತು.

ಕೆಳಗೆ ಬಂದದ್ದೇ ತಂಗಿ ಎರಡೂ ಲೇಸು ಬಿಚ್ಚಿಹಾಕಿದಳು. "ಈಗ ನೀ ಕಟ್ಟು. ಬೆಟ್ಟದ ಮ್ಯಾಲ ನಾ ನಿನ್ನ ಕಾಲು ಹಿಡ್ಕೊಂಡು ಕುಂದ್ರಂಗಿಲ್ಲ."

ಮೊದಲ ಸಲ ಕುಣಿಕೆಯೇ ತಪ್ಪಿತು. ಆಮೇಲೆ ತೂರಿಸಿದ ಬದಿ ತಪ್ಪಿತು. ಕೊನೆಗೆ ಕೂತಿತು. ತಂಗಿ ಬಗ್ಗಿ ಎಳೆದು ನೋಡಿ, ಫೋನು ತೆಗೆದು ಆ ಟೀಚರಿಗೆ ಹೇಳಿದಳು:

"ಈ ಸಲ ನಮ್ಮಕ್ಕ ಬರಾಕತ್ತಾಳ್ರೀ."

ಲೇಸು ಸರಿಮಾಡುವ ನೆಪದಲ್ಲಿ ನಾನು ಇನ್ನಷ್ಟು ಹೊತ್ತು ತಲೆ ತಗ್ಗಿಸಿಕೊಂಡೇ ಕೂತೆ.