ಕಿಟಕಿ ಮುಚ್ಚಿದ ಬಾಣಂತನ

"ನಿನ್ನನ್ನೂ ಮಗುವನ್ನೂ ಈ ಸಲ ಅವ ಇಲ್ಲೇ ಬಿಟ್ಟು ಹೋಗ್ಲಿ" ಎಂದು ಮಂಕಿಯ ಗಂಡನ ಮನೆಯ ಜಗಲಿಯಲ್ಲಿ ಅತ್ತೆ ಹೇಳಿದಾಗ ನನ್ನ ಕಣ್ಣು ತಾನಾಗಿಯೇ ಕಿಟಕಿಯನ್ನು ಹುಡುಕಿತು. ಆ ಅಭ್ಯಾಸ ಈಗಲೂ ಹೋಗಿಲ್ಲ.

ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಕುವೈತಿನಿಂದ ಬಂದಿದ್ದೆವು. ಗಂಡ ಅಲ್ಲಿ ಟೈಪಿಸ್ಟ್. ಅವರ ಕೆಲಸದ ವೀಸಾ ಇದ್ದರಷ್ಟೇ ನನ್ನದು. ನಾನು ಬಹಳ ಕಾಲ ಹೊರಗುಳಿದರೆ ಪರವಾನಗಿ ರದ್ದು. ಮತ್ತೆ ಅವರ ಧಣಿಯ ಸಹಿಗಾಗಿ ಕಾಯಬೇಕು. ಇಲ್ಲಿ ಉಳಿಯುವುದೆಂದರೆ ಮುಂದಿನ ರಜೆಯವರೆಗೆ ನಾವು ಬೇರೆ ಬೇರೆ.

ಚೊಚ್ಚಲ ಹೆರಿಗೆಗೆ ಕುಮಟಾದ ತವರಿಗೆ ಬಾರದಿದ್ದದ್ದೂ ಅದಕ್ಕೇ. ಊರ ನೆನಪು ಕಾಡಿದಾಗ ನಾವಿಬ್ಬರೂ ಒಂದು ಆಟ ಆಡುತ್ತಿದ್ದೆವು: ಕುಮಟಾದಿಂದ ಮಂಕಿಗೆ, ನಡುವೆ ಶರಾವತಿಯನ್ನು ದೋಣಿಯಲ್ಲಿ ದಾಟಿ, ಬಸ್ಸು ನಿಲ್ಲುವ ಊರುಗಳನ್ನು ಒಂದೊಂದಾಗಿ ಹೇಳಬೇಕು, ಮರೆತವರು ಪಾತ್ರೆ ತೊಳೆಯಬೇಕು. ಒಬ್ಬೊಬ್ಬರೇ ಮೂಲೆ ಹಿಡಿದು ಅಳುವುದಕ್ಕಿಂತ ಇದು ಮೇಲು.

ಬಾಣಂತನವನ್ನೂ ಕುವೈತಿನಲ್ಲೇ ನಾವೇ ಮಾಡಿಕೊಂಡೆವು. ಪಕ್ಕದ ಮನೆಯ ಭಟ್ಕಳದ ಅಕ್ಕನದು ನವಾಯತಿ, ನನ್ನದು ಕೊಂಕಣಿ, ಎರಡೂ ಹತ್ತಿರದ ಭಾಷೆಗಳಾದ್ದರಿಂದ ಮಾತಿಗೆ ತೊಂದರೆಯಿರಲಿಲ್ಲ. ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದನ್ನು ನನ್ನ ಗಂಡನಿಗೆ ಕಲಿಸಿದವಳು ಅವಳೇ. "ತಮ್ಮಾ, ಅದು ಬಂಗಡೆ ಮೀನಲ್ಲ, ಅಷ್ಟು ಬಿಗಿ ಹಿಡಿಯಬೇಡ" ಎಂದು ನಗುತ್ತಿದ್ದಳು.

ಅಲ್ಲಿಯ ಚಳಿಗಾಲದಲ್ಲಿ ಅಮ್ಮ ಮಾಡುತ್ತಿದ್ದಂತೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು, ಧೂಪ ಹಾಕಿ, ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದೆವು. ಊರಿನ ನಮ್ಮ ಹೆಂಚಿನ ಮನೆಯಲ್ಲಿ ಹೊಗೆ ಸಂದಿಯಿಂದ ಹೋಗುತ್ತದೆ. ಆ ಸಿಮೆಂಟಿನ ಕೋಣೆಗೆ ಸಂದಿಯೇ ಇರಲಿಲ್ಲ. ತಲೆ ಸಿಡಿಯತೊಡಗಿತು. ಮಗುವನ್ನು ಕರೆದೆ, ಕಣ್ಣು ಬಿಡಲಿಲ್ಲ. ಎತ್ತಿಕೊಳ್ಳಲು ಹೋದರೆ ಕೈಗೆ ಬಲವಿಲ್ಲ. ಅಡುಗೆಮನೆಯಲ್ಲಿದ್ದ ಗಂಡನನ್ನು ಕೂಗಿದೆನೋ, ಕೂಗಿದೆನೆಂದುಕೊಂಡೆನೋ ತಿಳಿಯದು. ಅವರು ಬಂದರು. ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಓಡಿದರು. ಅವರ ಕೂಗಿಗೆ ಓಡಿಬಂದ ಪಕ್ಕದ ಮನೆಯ ಅಕ್ಕ ನನ್ನನ್ನು ಎಳೆದು ಹೊರಹಾಕಿದಳು. ಮಗು ಅಳುವವರೆಗಿನ ಆ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ.

ಇದೆಲ್ಲ ಅತ್ತೆಗೆ ಗೊತ್ತಿತ್ತು. "ಗಂಡಸು ಬಾಣಂತನ ಮಾಡಿದ್ರೆ ಮತ್ತೆಂತ ಆಗ್ತದೆ?" ಎಂದರು.

"ಮಗುವನ್ನು ಹೊರಗೆ ತಂದದ್ದೂ ಅದೇ ಗಂಡಸು, ಅತ್ತೆ. ನಾನು ಉಳಿಯೂದಿಲ್ಲ."

ಗಂಡ ಬಿಸಿನೀರು ತಂದು, ಬಾವಿಕಟ್ಟೆಯ ಹತ್ತಿರ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ಮೀಯಿಸಲು ಶುರು ಮಾಡಿದರು. ನೆರೆಮನೆಯ ಹೆಂಗಸರು ಬೇಲಿಯಾಚೆ ಸೇರಿ ಕಿಸಿಕಿಸಿ ನಕ್ಕರು. ನನ್ನ ಗಂಡ ತಲೆ ಎತ್ತಲಿಲ್ಲ. ಮಗು ಆರಾಮಾಗಿ ಆಕಳಿಸಿತು.

ಅತ್ತೆ ನೋಡುತ್ತ ಜಗಲಿಯಿಂದ ಇಳಿದರು. ಆಮೇಲೆ ಹತ್ತಿರ ಹೋಗಿ, "ಕುತ್ತಿಗೆ ಮಡಿಕೆಯಲ್ಲಿ ಎಣ್ಣೆ ಉಳಿದದೆ, ಮಾರಾಯ. ಸಮ ತೊಳಿ" ಎಂದರು.

"ಆತು, ಆಯಿ" ಎಂದರು ಗಂಡ.

ಹೊರಡುವ ದಿನ ಅತ್ತೆ ಕೇಳಿದ್ದು ಒಂದೇ: "ಕಿಟಕಿ?"

"ತೆರೆದೇ ಇರ್ತದೆ" ಎಂದೆ.

ಕುವೈತಿಗೆ ಮರಳಲು ಶರಾವತಿಯ ದೋಣಿಯನ್ನು ನಾವು ಮೂವರೂ ಹತ್ತಿದೆವು.