ಲಿಂಬೆಹಣ್ಣಿನ ನೆಪದಲ್ಲಿ ಸಿಕ್ಕ ಟಿಪ್ಪರ್ ಕೆಲಸ

ನಮ್ಮೆಜಮಾನರು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದರು. ಮಾಲೀಕರು ಲಾರಿ ಮಾರಿಬಿಟ್ಟ ಮೇಲೆ ಇವರು ಕೆಲಸವಿಲ್ಲದೆ ಮನೆಯಲ್ಲೇ ಕೂತರು. ಅಷ್ಟರಲ್ಲಿ ಸಂಡೂರಿನ ಗಣಿಗೆ ಟಿಪ್ಪರ್ ಡ್ರೈವರುಗಳು ಬೇಕೆಂದು ಜನರನ್ನು ಹುಡುಕಿಕೊಡುವ ಏಜೆನ್ಸಿಯವರು ಹೊಸಪೇಟೆಯ ಒಂದು ಛತ್ರದಲ್ಲಿ ಸಭೆ ಕರೆದರು. ಹಂಪಿಗೆ ವಿರೂಪಾಕ್ಷನ ದರ್ಶನಕ್ಕೆ ಹೊರಟಿದ್ದ ನಾನೂ ಇವರ ಜೊತೆ ಹೋಗಿ ಬಾಗಿಲ ಹತ್ತಿರ ಕೂತೆ.

ಏಜೆನ್ಸಿಯವರು ಎದ್ದು ನಿಂತು ಬಿಡಿಸಿ ಬಿಡಿಸಿ ಹೇಳಿದರು. "ಹೆವಿ ಲೈಸೆನ್ಸು, ಐದು ವರ್ಷದ ಅನುಭವ ಇರಬೇಕು. ಟ್ರ್ಯಾಕ್ಟರ್ ಅಷ್ಟೇ ಓಡಿಸಿದವ್ರು ಬಸ್ ಚಾರ್ಜು ದಂಡ ಮಾಡ್ಕೋಬ್ಯಾಡ್ರಿ. ಕೆಲಸ ಗುಡ್ಡದ ಮ್ಯಾಲೆ, ಹೊಸಪೇಟ್ಯಾಗಲ್ಲ. ಪಗಾರ ದಿನಕ್ಕ ಒಂಬೈನೂರರಿಂದ ಹನ್ನೆರಡು ನೂರು, ಅನುಭವ ನೋಡಿ ನಡುವೆ ಎಲ್ಲಾದ್ರೂ ನಿಲ್ಲತೈತಿ. ಮೊದಲು ಲೈಸೆನ್ಸು ನೋಡ್ತಾರ, ಆಮೇಲೆ ಕಣ್ಣು, ಆಮೇಲೆ ಗಾಡಿ ಪರೀಕ್ಷೆ, ಕಡೀಗೆ ಮ್ಯಾನೇಜರ್ ಮಾತು. ಒಂದ್ರಾಗ ಬಿದ್ರ ಮುಂದಿಂದಿಲ್ಲ. ಗಾಡಿ ಏರೋಕ ಮುಂಚೆ ಸುತ್ತ ನೋಡಬೇಕು, ನೋಡದೇ ಏರಿದವ ಮನೀಗೆ. ನಮಗ ಒಂದು ಪೈಸೆ ಕೊಡಬ್ಯಾಡ್ರಿ, ಕಂಪನಿ ಕೊಡತೈತಿ."

ಕೆಲಸ ಕೇಳಿ ಬಂದವರಿಗೆ ಇಷ್ಟೆಲ್ಲ ಮೊದಲೇ ತೆರೆದಿಟ್ಟವರನ್ನು ನಾನು ಕಂಡಿರಲಿಲ್ಲ. ಆದರೆ ಹಂಪಿ ಬಸ್ಸಿನಲ್ಲಿ ಇವರ ಬಾಯಲ್ಲಿ ಒಂದೇ ಮಾತು.

"ಹನ್ನೆರಡು ನೂರು ಲೇ!"

"ಒಂಬೈನೂರರಿಂದ ಅಂದ್ರು ರಿ. ಗಾಡಿ ಸುತ್ತ ನೋಡ್ರಿ ಅಂದ್ರಲ್ಲ, ಅದು ನೆನಪೈತ್ಯೋ?"

"ಹದಿನೈದು ವರ್ಷ ಓಡಿಸೀನಿ, ನನಗ ಹೇಳಿಕೊಡ್ತಿ ಏನು?"

ಅವರ ಸ್ವಭಾವ ನನಗೆ ಗೊತ್ತಿತ್ತು. ಹಂಪಿಯಲ್ಲಿ ಸ್ವಾಮಿಯ ಮುಂದಿಟ್ಟು ತಂದ ನಾಲ್ಕು ಲಿಂಬೆಹಣ್ಣು ಅವರ ಕೈಗೆ ಕೊಟ್ಟೆ. "ಪರೀಕ್ಷೆ ದಿನ ಗಾಡಿ ನಾಲ್ಕೂ ಮೂಲಿ ಗಾಲಿ ಮುಂದ ಒಂದೊಂದು ಬಗ್ಗಿ ಇಡ್ರಿ. ಇಡೋವಾಗ ಗಾಲೀನೂ ನೋಡ್ರಿ" ಅಂದೆ. ದೇವರ ಕೆಲಸವೆಂದರೆ ಅವರು ಇಲ್ಲವೆನ್ನುವುದಿಲ್ಲ.

ಪರೀಕ್ಷೆಯ ದಿನ ಸಂಜೆ ಸಂಡೂರಿನಿಂದ ಬಂದ ನಮ್ಮೆಜಮಾನರು ಚಪ್ಪಲಿ ಸಹ ಬಿಡದೆ ಹೊಸ್ತಿಲಲ್ಲೇ ಹೇಳಿದರು. ಅವರಿಗಿಂತ ಮುಂಚಿನ ಇಬ್ಬರು ನೆಟ್ಟಗೆ ಏರಿ ಸ್ಟಾರ್ಟ್ ಮಾಡಿ ಅಲ್ಲೇ ಹೊರಬಿದ್ದಿದ್ದರಂತೆ. ಇವರು ಮೂರನೆಯ ಹಣ್ಣಿಡಲು ಬಗ್ಗಿದಾಗ ಹಿಂದಿನ ಜೋಡಿ ಟೈರಿನ ನಡುವೆ ಕಲ್ಲೊಂದು ಸಿಕ್ಕಿಕೊಂಡಿದ್ದು ಕಂಡಿತಂತೆ. ಪರೀಕ್ಷೆ ಮಾಡುವವರೇ ಬೇಕೆಂದೇ ಸಿಕ್ಕಿಸಿದ್ದು.

"ಕಲ್ಲು ಐತ್ರಿ ಸಾಹೇಬ್ರ, ತೆಗೀಲಾರದ ಏರಂಗಿಲ್ಲ ಅಂದೆ. ಅವ್ರು ನಕ್ಕು, ನಿಮ್ಮ ದೇವ್ರ ಕೆಲಸಾನೂ ಆತು, ನನ್ನ ಕೆಲಸಾನೂ ಆತು, ಏರ್ರಿ ಅಂದ್ರು."

ಮ್ಯಾನೇಜರ್ ಮಾತೂ ಮುಗಿದು ಪಗಾರ ದಿನಕ್ಕೆ ಸಾವಿರದ ಐವತ್ತಕ್ಕೆ ನಿಂತಿತು. ಹೇಳಿದ್ದ ಅಂಕಿಗಳ ನಡುವೆಯೇ. ಅವತ್ತು ದೇವರಿಗೆ ದೀಪ ಹಚ್ಚಿದಾಗ ವಿರೂಪಾಕ್ಷನ ಜೊತೆಗೆ, ಹೆಸರೂ ತಿಳಿಯದ ಆ ಏಜೆನ್ಸಿಯವರಿಗೂ ಕೈ ಮುಗಿದೆ.