ಎಂಟು ಸಾಲಿಗೆ ಒಂದೇ ನಂಬರು

ಬಿತ್ತನೆ ಬೀಜ, ಗೊಬ್ಬರ ಮಾರುವ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನೊಬ್ಬಳೇ. ಮುಖ್ಯ ಕಚೇರಿ ಹಾಸನದಲ್ಲಿ, ಶಾಖೆಗಳು ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನಲ್ಲಿ. ಎಲ್ಲೇ ಪ್ರಿಂಟರ್ ಪೇಪರ್ ನುಂಗಲಿ, ಎಲ್ಲೇ ಇಲಿ ವೈರ್ ಕಡಿಯಲಿ, ಫೋನು ಬರುವುದು ನನಗೇ. ಹೀಗಿರುವಾಗ ಒಂದು ವರ್ಷ ಮೇಲಿನವರು ಅಪ್ಪಣೆ ಕೊಟ್ಟರು: ಇನ್ನು ಮೇಲೆ ಶಾಖೆಗೊಂದು ಲಾಗಿನ್ ಸಾಲದು, ಆಳಿಗೊಂದು ಬೇಕು. ಸೋಮವಾರ ಬೆಳಗ್ಗೆ ಹಳೆಯ ಲಾಗಿನ್‌ಗಳೆಲ್ಲ ಬಂದ್.

ಅಲ್ಲಿಯವರೆಗೆ ಒಂದೊಂದು ಶಾಖೆಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಬೆಳಗ್ಗೆ ಗುಮಾಸ್ತರು ಬಂದು ಅದನ್ನು ಒತ್ತಿದರೆ ಸಂಜೆಯವರೆಗೆ ಯಾರು ಕೂತರೂ ಅದೇ. ಯಾರ ತಪ್ಪಾದರೂ ಶಾಖೆಯ ತಪ್ಪು.

ಈ ಸುದ್ದಿ ಹರಡಿದ ದಿನವೇ ಅರಕಲಗೂಡಿನಿಂದ ಒಬ್ಬಾಕೆ ಫೋನ್ ಮಾಡಿದ್ದರು. ಕೌಂಟರಿನಲ್ಲಿ ರಸೀದಿ ಬರೆಯುವಾಕೆ, ರುದ್ರಪಟ್ಟಣದ ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಹಿಂದಿನ ತಿಂಗಳು ಯಾರೋ ಒಂದು ರಸೀದಿ ರದ್ದು ಮಾಡಿದ್ದರು. ಆ ಹೊತ್ತಿಗೆ ಈಕೆ ಮನೆಗೆ ಹೋಗುವ ಬಸ್ಸಿನಲ್ಲಿದ್ದರು. ಆದರೆ ಕೌಂಟರ್ ಇವರದು ಅಂತ ಮೆಮೊ ಬಂದದ್ದು ಇವರಿಗೆ. ಇನ್ನೊಂದು ಸಲ ಹೀಗಾದರೆ ಕೌಂಟರಿನಿಂದ ಎತ್ತಿ ಗೋಡೌನಿಗೆ ಹಾಕುತ್ತೇವೆ ಎಂದೂ ಅದರಲ್ಲಿ ಬರೆದಿತ್ತು.

“ಮೇಡಂ, ನನ್ ಎಸ್ರಲ್ಲೇ ಬೇರೆ ಲಾಗಿನ್ ಬತ್ತದಂತಲ್ಲ, ದಿಟವಾ?”

“ದಿಟ ಕಣಮ್ಮ.”

“ನಾನ್ ಮಾಡಿದ್ದು ನಂದು, ಬೇರೇವ್ರು ಮಾಡಿದ್ದು ಅವ್ರದು ಅಂತ ಕಾಣ್ತದಾ?”

“ಕಾಣುತ್ತೆ.”

“ಅಷ್ಟಾದ್ರೆ ಸಾಕು ಬುಡಿ.” ಫೋನ್ ಇಟ್ಟರು. ಆ ‘ಸಾಕು ಬುಡಿ’ ನನ್ನ ಕಿವಿಯಲ್ಲೇ ಉಳಿಯಿತು.

ಐವತ್ತೆಂಟು ಜನರನ್ನು ಒಬ್ಬೊಬ್ಬರನ್ನಾಗಿ ಕೈಯಿಂದಲೇ ಸೇರಿಸಲು ನನಗೆ ಶಕ್ತಿಯಿರಲಿಲ್ಲ. ಶಾಖೆಗೊಂದು ಪಟ್ಟಿ ಕೇಳಿದೆ: ನೌಕರರ ಸಂಖ್ಯೆ, ಹೆಸರು, ಶಾಖೆ, ಕೆಲಸ, ಮೊಬೈಲ್. ಎಕ್ಸೆಲ್‌ನಲ್ಲಿ ತುಂಬಿ ಸಿಎಸ್‌ವಿಯಾಗಿ ಉಳಿಸಿ ಕಳಿಸಿ ಎಂದೆ. ಅಂದರೆ ಬಣ್ಣ, ಗೆರೆ ಏನೂ ಇಲ್ಲದ ಸಾದಾ ಅಕ್ಷರ, ನಡುವೆ ಅಲ್ಪವಿರಾಮ, ಒಬ್ಬರಿಗೆ ಒಂದು ಸಾಲು. ಅದನ್ನು ಓದಿ ಸರ್ವರಿನಲ್ಲಿ ಲಾಗಿನ್‌ಗಳನ್ನು ಒಟ್ಟಿಗೆ ಮಾಡಲು ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಕೊಡುವ ಅಪ್ಪಣೆ, ಬರೆದೆ. ಆದರೆ ಅದು ಮೊದಲ ಸುತ್ತಿನಲ್ಲಿ ಏನನ್ನೂ ಮಾಡುವುದಿಲ್ಲ, ಬರೀ ಪರೀಕ್ಷೆ. ನೌಕರರ ಸಂಖ್ಯೆ ನಾಲ್ಕು ಅಂಕಿಯೇ? ಹೆಸರು ಖಾಲಿ ಇಲ್ಲವಲ್ಲ? ಮೊಬೈಲ್ ಹತ್ತು ಅಂಕಿಯೇ? ಸಂಖ್ಯೆಯಾಗಲಿ ಮೊಬೈಲಾಗಲಿ ಎರಡು ಸಾಲಿನಲ್ಲಿ ಬಂದಿದೆಯೇ? ಸರಿಯಿಲ್ಲದ ಸಾಲನ್ನು ಪಕ್ಕಕ್ಕಿಟ್ಟು, ಎಷ್ಟನೇ ಸಾಲು, ಯಾಕೆ ಬೇಡ ಅನ್ನುವುದನ್ನು ಬೇರೊಂದು ಕಡತದಲ್ಲಿ ಬರೆಯುತ್ತದೆ. ಎರಡನೇ ಸುತ್ತಿನಲ್ಲಿ ಪಾಸಾದ ಸಾಲುಗಳಿಗೆ ಮಾತ್ರ ಲಾಗಿನ್. ಆಮೇಲೆ ಮೊದಲ ಪಾಸ್‌ವರ್ಡ್ ಅವರವರ ಮೊಬೈಲಿಗೆ ಸಂದೇಶವಾಗಿ ಹೋಗುತ್ತದೆ. ಒಳಗೆ ಹೋದ ಕೂಡಲೇ ಅದನ್ನು ಬದಲಿಸಲೇಬೇಕು.

ಶುಕ್ರವಾರ ಪರೀಕ್ಷೆ ಓಡಿಸಿದೆ. ಐವತ್ತೆಂಟರಲ್ಲಿ ಇಪ್ಪತ್ತೊಂಬತ್ತು ನಪಾಸು. ಅರ್ಧಕ್ಕರ್ಧ! ಕಾಫಿ ಆರಿಹೋಗಿತ್ತು, ಹಾಗೇ ಕುಡಿದೆ.

ಹೊಳೆನರಸೀಪುರದ ಹನ್ನೆರಡೂ ಸಾಲು ಮೊಬೈಲಿನಿಂದ ಕೆಟ್ಟಿದ್ದವು. ಅವರ ಹಾಳೆಯಲ್ಲಿ ಆ ಕಾಲಮ್ಮು ಕಿರಿದಾಗಿತ್ತು. ಎಕ್ಸೆಲ್ ಅಂಕಿಗಳನ್ನು ಮಡಿಸಿ ನಡುವೆ ಒಂದು ಇಂಗ್ಲಿಷ್ ಅಕ್ಷರ ತೂರಿಸಿ ತೋರಿಸಿದೆ. ಸಿಎಸ್‌ವಿಯಾಗಿ ಉಳಿಸುವಾಗ ಕಂಡದ್ದೇ ಉಳಿಯಿತು, ನಿಜವಾದ ಅಂಕಿ ಹೋಯಿತು. ಚನ್ನರಾಯಪಟ್ಟಣದ ಒಂಬತ್ತು ಸಾಲಿನಲ್ಲಿ ನೌಕರರ ಸಂಖ್ಯೆಯ ಮುಂದಿನ ಸೊನ್ನೆ ಮಾಯ. ನಾನೇ ಸೊನ್ನೆ ಹಾಕಿಬಿಡಬಹುದಿತ್ತು. ಆದರೆ ಸೊನ್ನೆ ಬಿದ್ದುಹೋದದ್ದೋ, ಬೇರೊಂದು ಅಂಕಿ ಬಿಟ್ಟುಹೋದದ್ದೋ ನನಗೆ ಹೇಗೆ ಗೊತ್ತು? ಎರಡೂ ಕಡೆಗೆ ಫೋನ್ ಮಾಡಿ, ಕಾಲಮ್ಮನ್ನು ಮೊದಲು ‘ಟೆಕ್ಸ್ಟ್’ ಅಂತ ಮಾಡಿಕೊಂಡು ಮತ್ತೆ ತುಂಬಿ ಅಂದೆ. ಬೈದುಕೊಂಡೇ ಮಾಡಿದರು. ಶನಿವಾರ ಹತ್ತು ಗಂಟೆಗೆ ಆ ಇಪ್ಪತ್ತೊಂದೂ ಪಾಸು.

ಉಳಿದದ್ದು ಅರಕಲಗೂಡು. ಎಂಟು ಜನ, ಎಂಟು ಸಾಲು, ಎಂಟರಲ್ಲೂ ಒಂದೇ ಮೊಬೈಲ್. ಅಲ್ಲಿಯ ಗುಮಾಸ್ತರದು.

ನಮ್ಮ ಹಾಸನ ಕಚೇರಿಯ ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಅದೊಂದು ಚೆಕ್ ತೆಗೆದುಹಾಕ್ರಿ ಮೇಡಂ. ಸೋಮವಾರ ಆ ಬ್ರಾಂಚ್ ಬಾಗ್ಲು ಹಾಕ್ಕೊಂಡು ಕೂರೋಕಾಗುತ್ತಾ? ಬಿತ್ನೆ ಟೈಮು.”

“ಪಾಸ್‌ವರ್ಡೆಲ್ಲ ಒಬ್ರ ಫೋನಿಗೇ ಹೋಗ್ತವಲ್ಲ ಸರ್.”

“ಅವ್ರೇನು ಕಳ್ಳರಾ? ಹಂಚ್ತಾರೆ ಬಿಡಿ.”

ಸ್ಕ್ರಿಪ್ಟಿನಲ್ಲಿ ಆ ಚೆಕ್ಕು ನಾಲ್ಕೇ ಸಾಲು. ಸಾಲಿನ ಮುಂದೊಂದು ಗುರುತು ಹಾಕಿದರೆ ಕೆಲಸ ಮಾಡದೆ ಮಲಗಿಬಿಡುತ್ತವೆ. ಮೂರು ದಿನದಿಂದ ಸರಿಯಾಗಿ ಊಟವಿಲ್ಲ, ಕಣ್ಣು ಉರಿ. ಸುಳ್ಳು ಯಾಕೆ, ಮೊದಲ ಸಾಲಿಗೆ ಗುರುತು ಹಾಕಿಯೂ ಇದ್ದೆ. ಆಗ ಆ ರಸೀದಿಯಾಕೆ ನೆನಪಾದರು. ಹಳೆಯ ಲಾಗಿನ್‌ನಲ್ಲಿ ‘ಎಲ್ಲರೂ ಕೂರ್ತಾರೆ ಸ್ವಾಮಿ, ನಾನಲ್ಲ’ ಅನ್ನಲು ಜಾಗವಾದರೂ ಇತ್ತು. ಈಗ ಲಾಗಿನ್ ಅವರ ಹೆಸರಿನದು, ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ. ಯಾರು ಏನು ಮಾಡಿದರೂ ದಾಖಲೆಯಲ್ಲಿ ಇವರೇ. ನಾನು ‘ಕಾಣುತ್ತೆ’ ಅಂದಿದ್ದೆ.

ಗುರುತು ಅಳಿಸಿದೆ. ಪಾಸಾದ ಐವತ್ತು ಸಾಲಿಗೆ ಲಾಗಿನ್ ಮಾಡಿಸಿದೆ. ಎಂಟನ್ನು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿ ಬಸ್ ಸ್ಟ್ಯಾಂಡಿಗೆ ಹೊರಟೆ. “ಎಲ್ಲಿಗ್ರೀ?” ಅಂದರು ಮ್ಯಾನೇಜರ್. “ಹಂಚೋಕೆ ಸರ್” ಅಂದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು, ನಿದ್ದೆ ಬರಲಿಲ್ಲ.

ಅರಕಲಗೂಡಿನ ಗುಮಾಸ್ತರು ಒಳ್ಳೆಯವರು, ಅದೇ ತೊಂದರೆ. ಯಾರ ಅರ್ಜಿಯನ್ನಾದರೂ ತಾವೇ ತುಂಬುವವರು, ಯಾರ ಆಧಾರ್ ಕಾರ್ಡನ್ನಾದರೂ ತಮ್ಮ ಬೀರುವಿನಲ್ಲೇ ಜೋಪಾನ ಮಾಡುವವರು. ನನ್ನನ್ನು ಕಂಡ ಕೂಡಲೇ ಟೀ ಹೇಳಿದರು. ನಪಾಸಿನ ಪಟ್ಟಿ ಮುಂದಿಟ್ಟೆ.

“ನಾನೇ ಬೇಕಂತ ಆಕಿದ್ದು ಮೇಡಮ್ಮೋರೆ. ಇವ್ರು ಮೆಸೇಜ್ ನೋಡಾಕಿಲ್ಲ, ಓದಾಕಿಲ್ಲ. ನಂಗೇ ಬಂದ್ರೆ ಒಂದ್ ಚೀಟೀಲಿ ಬರ್ಕೊಂಡು ಎಲ್ರಿಗೂ ನಾನೇ ತೆಗ್ದು ಕೊಡ್ತೀನಿ.”

“ಪಟ್ಟೀಲಿ ನಿಮ್ಮ ಹೆಸರೂ ಇದೆ, ನೋಡಿದಿರಾ?”

ಕನ್ನಡಕ ಮೇಲೆತ್ತಿದರು. “ಏ! ನಂದ್ಯಾಕೆ ಬಿತ್ತು? ನನ್ ನಂಬರ್ ನಂದೇ ಅಲ್ವ್ರಾ?”

“ಎಂಟು ಸಾಲಿನಲ್ಲಿ ಒಂದೇ ನಂಬರಿದ್ದರೆ ಯಾರದು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ? ಎಂಟನ್ನೂ ಬೇಡ ಅನ್ನುತ್ತೆ.”

ಕೌಂಟರಿನ ಆಚೆಯಿಂದ ಗೋಡೌನಿನ ಹಮಾಲಿ ನಕ್ಕ. “ಸಾ, ಸೋಮ್ವಾರ ನೀವೂ ನಮ್ ಜೊತೇಲಿ ಮೂಟೆ ಒರೋಕ್ ಬನ್ನಿ ಮತ್ತೆ!”

“ಮುಚ್ಚಲಾ ಬಾಯಿ,” ಅಂದರು ಗುಮಾಸ್ತರು. ಆದರೆ ಅವರ ಮುಖ ಸಣ್ಣಗಾಗಿತ್ತು.

ಒಬ್ಬೊಬ್ಬರನ್ನೇ ಕರೆದು ನಂಬರ್ ಕೇಳಿದೆ. ಐದು ಜನರ ಕೈಯಲ್ಲಿ ಫೋನ್ ಇತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಕಾವಲುಗಾರನಿಗೆ ಫೋನೇ ಇರಲಿಲ್ಲ. ಕೊನೆಯಲ್ಲಿ ರಸೀದಿ ಬರೆಯುವಾಕೆ ಬಂದರು. ಫೋನಿನಲ್ಲಿ ಕೇಳಿದ ದನಿಗಿಂತ ಚಿಕ್ಕ ಆಳು, ಬೆರಳ ತುದಿಗೆಲ್ಲ ಕಾರ್ಬನ್ ಮಸಿ.

“ಅವತ್ತು ನೀವು ಫೋನ್ ಮಾಡಿದ ನಂಬರೇ ಹಾಕಲಾ?”

“ಅದು ನಮ್ಮೆಜಮಾನ್ರದು ಮೇಡಂ. ಅವತ್ತು ನಾನ್ ರಜಾ ಆಕಿದ್ದೆ, ಅವ್ರೂ ಮನೇಲಿದ್ರು. ಅಗಲೊತ್ತು ಅವ್ರತ್ರಾನೇ ಇರ್ತದೆ.” ಗುಮಾಸ್ತರ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಅಲ್ಲಿಗೂ ಬ್ಯಾಡ, ಅಣ್ಣಾರತ್ರಕ್ಕೂ ಬ್ಯಾಡ. ಅದು ನನ್ ಕೈಗೇ ಬರೋ ಅಂಗೆ ಏನೂ ಇಲ್ವ್ರಾ?”

ತಪ್ಪು ನನ್ನದೂ ಇತ್ತು. ಎಲ್ಲರ ಹತ್ತಿರ ಒಂದು ಫೋನ್ ಇದ್ದೇ ಇರುತ್ತದೆ ಎಂದುಕೊಂಡು ನಿಯಮ ಬರೆದಿದ್ದೆ. ಇಲ್ಲದವರು ಇನ್ನೊಬ್ಬರದನ್ನು ಕೊಡದೆ ಏನು ಮಾಡಿಯಾರು?

ಲ್ಯಾಪ್‌ಟಾಪ್ ತೆಗೆದೆ. ಒಂದೇ ನಂಬರು ಎರಡು ಕಡೆ ಬರಬಾರದು ಎಂಬುದನ್ನು ಮುಟ್ಟಲಿಲ್ಲ. ಪಟ್ಟಿಗೆ ಇನ್ನೊಂದು ಕಾಲಮ್ ಸೇರಿಸಿದೆ: ಪಾಸ್‌ವರ್ಡ್ ತಲುಪಿಸುವುದು ಮೊಬೈಲಿಗೋ, ಕೈಗೋ. ಕೈಗೆ ಎಂದಿದ್ದರೆ ಮೊಬೈಲ್ ಖಾಲಿ ಇರಬಹುದು. ಆ ಸಾಲಿಗೆ ಸಂದೇಶ ಹೋಗುವುದಿಲ್ಲ, ಚೀಟಿ ಮುದ್ರಣವಾಗುತ್ತದೆ. ಅರ್ಧ ಗಂಟೆಯ ಕೆಲಸ. ಎರಡು ಸಲ ತಪ್ಪಿದೆ, ಒಂದು ಸಲ ಕರೆಂಟು ಹೋಯಿತು. ಟೀ ಎರಡನೇ ಸುತ್ತು ಬಂತು. ಆಕೆ ಬಾಗಿಲಾಚೆಗೊಮ್ಮೆ, ಗಡಿಯಾರದತ್ತ ಒಮ್ಮೆ ನೋಡುತ್ತಿದ್ದರು, ಅವರ ಬಸ್ಸಿಗೆ ಹೊತ್ತಾಗುತ್ತಿತ್ತು.

ಎಂಟು ಸಾಲನ್ನು ಮಾತ್ರ ಮತ್ತೆ ಪರೀಕ್ಷೆಗೆ ಕೊಟ್ಟೆ. ಏಳು ಪಾಸು, ಒಂದು ನಪಾಸು. ನಾಲ್ಕನೇ ಸಾಲು, ಮೊಬೈಲಿನಲ್ಲಿ ಒಂಬತ್ತೇ ಅಂಕಿ. ನಾನೇ ತುಂಬಿದ್ದು! ಹಮಾಲಿಯದು. ಅವನು ಕೂಗಿ ಕೂಗಿ ಮತ್ತೆ ಹೇಳಿದ. ಈ ಸಲ ಎಂಟಕ್ಕೆ ಎಂಟು. ಲಾಗಿನ್ ಮಾಡು ಅಂತ ಒತ್ತಿದೆ. ಹಾಸನದ ಸರ್ವರಿನಿಂದ ಉತ್ತರ ಬಂತು: ಆದದ್ದು ಎಂಟು, ಆಗದ್ದು ಸೊನ್ನೆ. ಗುಮಾಸ್ತರ ಜೇಬಿನಲ್ಲಿ ಒಂದು ಸಲ ಫೋನ್ ಮಿಡಿಯಿತು. ಒಂದೇ ಸಲ.

ಪ್ರಿಂಟರಿನಿಂದ ಎರಡು ಚೀಟಿ ಬಂದವು. ಮಡಚಿ ಕಾವಲುಗಾರನಿಗೊಂದು, ಆಕೆಗೊಂದು ಕೊಟ್ಟೆ. “ಈಗಲೇ ಒಳಗೆ ಹೋಗಿ ಬದಲಾಯಿಸಿಬಿಡಿ” ಅಂದೆ. ಆಕೆ ಕೌಂಟರಿನ ಕಂಪ್ಯೂಟರ್ ಮುಂದೆ ಕೂತರು. ಗುಮಾಸ್ತರು ಅಭ್ಯಾಸದಂತೆ ಪಕ್ಕಕ್ಕೆ ಬಂದು ಕೀಲಿಮಣೆಯತ್ತ ಕೈ ಚಾಚಿದರು.

“ಬಿಡವ್ವ, ನಾನ್ ಒತ್ತಿಕೊಡ್ತೀನಿ.”

“ಅಣ್ಣ, ವಸಿ ಆ ಕಡೆ ತಿರುಕೊಳ್ಳಿ.”

ಗುಮಾಸ್ತರು ಕೈ ಹಿಂದಕ್ಕೆ ತೆಗೆದುಕೊಂಡು, ಬೇರೆಲ್ಲಿ ನೋಡುವುದೋ ತಿಳಿಯದೆ ಗೋಡೆಗೆ ಒರಗಿಸಿದ್ದ ಸ್ಪ್ರೇಯರ್ ಡಬ್ಬಗಳ ಕಡೆಗೆ ತಿರುಗಿದರು. ನಾನೂ ತಿರುಗಿದೆ.

ಟಕ್, ಟಕ್. ನಡುನಡುವೆ ಉದ್ದನೆಯ ಮೌನ.

“ಚಿಕ್ಕದಾಯ್ತು ಅಂತದೆ ಮೇಡಂ.”

“ಹತ್ತು ಅಕ್ಷರ ಆಗಬೇಕು. ನಡುವೆ ಒಂದು ಅಂಕಿ, ಒಂದು ದೊಡ್ಡಕ್ಷರ ಇರಲಿ. ಯಾರಿಗಾದರೂ ಕೇಳಿಸೋ ಹಾಗೆ ಹೇಳಿಕೊಂಡು ಒತ್ತಬೇಡಿ.”

ಮತ್ತೆ ಟಕ್, ಟಕ್. ಗುಮಾಸ್ತರು ಸ್ಪ್ರೇಯರ್ ನೋಡುತ್ತಲೇ ನನಗೊಬ್ಬಳಿಗೇ ಎಂಬಂತೆ ಅಂದರು: “ಆವತ್ತಿನ ರಸೀದಿ ನಾನೇ ಕ್ಯಾನ್ಸಲ್ ಮಾಡಿರ್ಬೇಕು ಮೇಡಮ್ಮೋರೆ. ಎರಡ್ ಸಲ ಎಂಟ್ರಿ ಆಗಿತ್ತು, ಒಂದ್ ತೆಗ್ದೆ ಅಂತ ಕಾಣ್ತದೆ. ಗ್ಯಾನ ಇಲ್ಲ.”

ಆಕೆಗೂ ಕೇಳಿಸಿರಬೇಕು. ಟಕ್ ಟಕ್ ನಿಂತಿತು.

“ಗ್ಯಾನ ಬಂದಾಗ ಅದ್ನೇ ಒಂದ್ ಕಾಗ್ದದಲ್ಲಿ ಬರ್ದು ಆಸನದ ಆಪೀಸ್ಗೆ ಕಳ್ಸಿ ಅಣ್ಣ” ಅಂದರು.

“ಕಳಿಸ್ತೀನಿ ಕಣವ್ವ,” ಅಂದರು ಅವರು. ಟಕ್ ಟಕ್ ಮತ್ತೆ ಶುರುವಾಗಿ ನಿಂತಾಗ, “ಈಗ ತಿರುಗ್ಲಾ?”

“ಇರಿ, ಅದ್ನೇ ಇನ್ನೊಂದ್ಸಲ ಒತ್ತು ಅಂತದೆ.”